ಬಿಡಿಸಿ ಬರೆದ ಕಪಾಟು

ಚಪ್ಪಟೆ ಡಬ್ಬದಲ್ಲಿ ಬರುವ ಪುಸ್ತಕದ ಕಪಾಟಿನ ಜೊತೆ ಒಂದು ತೆಳುವಾದ ಪುಸ್ತಿಕೆ ಇರುತ್ತದೆ. ಬಹುಪಾಲು ಪುಸ್ತಿಕೆಗಳಲ್ಲಿ ಓದಲು ಒಂದು ವಾಕ್ಯವೂ ಸಿಗುವುದಿಲ್ಲ. ಒಂದು ಪುಟದಲ್ಲಿ ಮಾತ್ರ ಕಪಾಟಿನ ಹಲಗೆಗಳೆಲ್ಲ ತಮ್ಮ ತಮ್ಮ ಜಾಗದಿಂದ ನೇರವಾಗಿ ಹೊರಗೆ ಸರಿದು ಗಾಳಿಯಲ್ಲಿ ನಿಂತಂತೆ ಕಾಣುತ್ತವೆ. ಹಲಗೆ ಹಲಗೆಗಳ ನಡುವೆ ತುಂಡುಗೆರೆ, ಗೆರೆಯ ಮೇಲೆ ಒಂದು ಸ್ಕ್ರೂ, ಪಕ್ಕದಲ್ಲಿ ಒಂದು ಅಂಕಿ. ಎಂಜಿನಿಯರುಗಳು ಇದನ್ನು ಎಕ್ಸ್‌ಪ್ಲೋಡೆಡ್ ವ್ಯೂ ಎನ್ನುತ್ತಾರೆ. ನಾವು ಬಿಡಿಚಿತ್ರ ಎನ್ನೋಣ.

ಚಿತ್ರದ ಈ ಪದ್ಧತಿ ಪೀಠೋಪಕರಣಕ್ಕಿಂತ ಬಹಳ ಹಳೆಯದು. ಲಿಯೊನಾರ್ಡೊ ಡ ವಿಂಚಿ ತನ್ನ ಹಾಳೆಯೊಂದರಲ್ಲಿ ಭಾರ ಎತ್ತುವ ಯಂತ್ರವನ್ನು ಒಂದು ಬದಿಗೆ ಜೋಡಿಸಿದ ಸ್ಥಿತಿಯಲ್ಲೂ ಪಕ್ಕದಲ್ಲಿ ಅದರ ಚಕ್ರಗಳನ್ನೆಲ್ಲ ಒಂದೇ ಅಚ್ಚಿನ ಮೇಲೆ ಬಿಡಿಸಿಯೂ ಬರೆದಿದ್ದಾನೆ. ಅದು ಮನೆಮನೆಗೆ ಬಂದದ್ದು ಮಾತ್ರ ಚಪ್ಪಟೆ ಡಬ್ಬದಿಂದ. ಸ್ವೀಡನ್ನಿನ ಐಕಿಯಾದಲ್ಲಿ 1956ರಲ್ಲಿ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬಾತ ಲೊವೆಟ್ ಎಂಬ ಮೇಜು ಕಾರಿನಲ್ಲಿ ಹಿಡಿಸದಿದ್ದಾಗ ಅದರ ಕಾಲು ಬಿಚ್ಚಿದ ಎಂಬುದು ಆ ಕಂಪನಿಯವರು ಹೇಳಿಕೊಂಡು ಬಂದ ಕಥೆ. ಕಾಲು ಬಿಚ್ಚಿ ಮಾರಿದ ಮೇಲೆ, ಮತ್ತೆ ಜೋಡಿಸುವುದು ಹೇಗೆಂದು ಕೊಂಡವರಿಗೆ ತಿಳಿಸಲೇಬೇಕಲ್ಲ. ಹತ್ತಾರು ದೇಶಗಳಿಗೆ ಒಂದೇ ಪುಸ್ತಿಕೆ ಸಾಲಬೇಕು, ಹಾಗಾಗಿ ಮಾತು ಹೋಗಿ ಚಿತ್ರ ಉಳಿಯಿತು. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಅವರ ಮಳಿಗೆ ತೆರೆದಾಗ ಕಪಾಟಿನ ಜೊತೆ ಬಂದದ್ದೂ ಅದೇ ಮಾತಿಲ್ಲದ ಪುಸ್ತಿಕೆಯೇ.

ಬಿಡಿಚಿತ್ರ ಬರೆಯುವುದು ಈಗ ಅಂಥ ಕಷ್ಟದ ಕೆಲಸವಲ್ಲ. ಕಪಾಟಿನ ವಿನ್ಯಾಸ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಹಲಗೆಗಳನ್ನು ಎಳೆದು ದೂರ ನಿಲ್ಲಿಸಿದರೆ ಮುಗಿಯಿತು. ಯಾವುದು ಎಲ್ಲಿಗೆ ಸೇರಬೇಕು ಎನ್ನುವುದನ್ನು ಆ ಒಂದು ಚಿತ್ರ ಪೂರ್ತಿ ಹೇಳಿಬಿಡುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಪುಸ್ತಿಕೆ ಮಾಡುವವರ ಕಸುಬು ಶುರುವಾಗುವುದು ಅಲ್ಲಿಂದ.

ಒಂದು ಸಾಧಾರಣ ಕಪಾಟನ್ನೇ ತೆಗೆದುಕೊಳ್ಳೋಣ. ಎದೆಯೆತ್ತರದ್ದು, ಪಾರ್ಟಿಕಲ್ ಬೋರ್ಡಿನದು. ಎಡಬದಿಯ ಹಲಗೆ ಎ, ಬಲಬದಿಯದು ಬಿ. ಎರಡರ ತಲೆಯ ಮೇಲೆ ಮುಚ್ಚಳದಂತೆ ಕೂರುವ ಹಲಗೆ ಸಿ. ಎರಡರ ನಡುವೆ ತಳದ ಹಲಗೆ ಡಿ, ಮಧ್ಯದಲ್ಲಿ ಅಲುಗದ ಹಲಗೆ ಇ. ಡಿ ಕೆಳಗೆ, ಮುಂಭಾಗದಲ್ಲಿ, ನೆಲಕ್ಕೆ ತಾಗುವ ಪಟ್ಟಿ ಎಫ್. ಬೇಕಾದ ಎತ್ತರಕ್ಕೆ ಇಟ್ಟುಕೊಳ್ಳುವ ಎರಡು ಹಲಗೆ ಜಿ. ಬೆನ್ನಿಗೆ ಮೂರು ಮಿಲಿಮೀಟರ್ ದಪ್ಪದ ಹಾಳೆ ಎಚ್; ಅದು ಎ, ಬಿ, ಡಿ ಹಲಗೆಗಳಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಜಾರಿ ಕೂರುತ್ತದೆ. ಹಲಗೆಗೆ ಅಕ್ಷರ, ಸ್ಕ್ರೂ ಮೊದಲಾದ ಬಿಡಿ ಸಾಮಾನಿಗೆ ಅಂಕಿ ಕೊಡುವುದು ಒಳ್ಳೆಯ ಪದ್ಧತಿ. ಎರಡಕ್ಕೂ ಅಂಕಿಯನ್ನೇ ಕೊಟ್ಟರೆ ಮೂರನೆಯ ಹಲಗೆಯೋ ಮೂರನೆಯ ಸ್ಕ್ರೂವೋ ಎಂದು ನೆಲದಲ್ಲಿ ಕೂತವರು ತಡಕಾಡುತ್ತಾರೆ.

ಈಗ ಕ್ರಮ. ಕಟ್ಟುವುದನ್ನು ಯೋಚಿಸುವ ಬದಲು ಕಟ್ಟಿ ಮುಗಿಸಿದ ಕಪಾಟನ್ನು ಮನಸ್ಸಿನಲ್ಲೇ ಬಿಚ್ಚುತ್ತಾ ಹೋಗುವುದು ಈ ಕೆಲಸದ ಒಳಗುಟ್ಟು. ಬೇರೆ ಯಾವುದನ್ನೂ ಅಲುಗಿಸದೆ ಈಗ ಹೊರಗೆ ಬರಬಲ್ಲದ್ದು ಯಾವುದು? ಜಿ ಹಲಗೆಗಳು. ಅವು ಹೋದ ಮೇಲೆ ಸಿ, ಮೇಲಕ್ಕೆ ಎತ್ತಿದರೆ ಬರುತ್ತದೆ. ಸಿ ಹೋದರೆ ಎಚ್ ಹಾಳೆ ಮೇಲಕ್ಕೆ ಜಾರಿ ಬರುತ್ತದೆ. ಆಮೇಲೆ ಬಿಯನ್ನು ಪಕ್ಕಕ್ಕೆ ಎಳೆಯಬಹುದು. ಬಿ ಹೋದರೆ ಎಫ್, ಇ, ಡಿ ಒಂದೊಂದಾಗಿ ಎ ಹಲಗೆಯಿಂದ ಬಿಡುತ್ತವೆ. ಈ ಪಟ್ಟಿಯನ್ನು ಹಿಂದುಮುಂದು ಮಾಡಿದರೆ ಅದೇ ಜೋಡಿಸುವ ಕ್ರಮ.

ಪ್ರತಿ ಹಲಗೆಯೂ ಒಂದೇ ದಿಕ್ಕಿನಲ್ಲಿ ಬರಬಲ್ಲದು ಎನ್ನುವುದನ್ನು ಗಮನಿಸಿ. ಆ ದಿಕ್ಕನ್ನು ನಿರ್ಧರಿಸುವುದು ಬೆರಳುದ್ದದ ಮರದ ಗೂಟಗಳು, ಅಂಗಡಿಯವರ ಮಾತಿನಲ್ಲಿ ಡಾವೆಲ್. ಗೂಟ ಅಡ್ಡಕ್ಕೆ ಇದ್ದರೆ ಹಲಗೆ ಅಡ್ಡಕ್ಕೇ ಸೇರಬೇಕು, ನಿಂತಿದ್ದರೆ ಮೇಲಿಂದಲೇ ಇಳಿಯಬೇಕು. ನಮ್ಮ ಕಪಾಟಿನಲ್ಲಿ ಸಿ ಹಲಗೆ ಬದಿಗಳ ತಲೆಯ ಮೇಲೆ ಕೂರುವುದರಿಂದ ಅದರ ಗೂಟಗಳು ನಿಂತಿರುತ್ತವೆ, ಅದು ಕೊನೆಯಲ್ಲಿ ಬರಬಹುದು. ವಿನ್ಯಾಸಕಾರ ಅದನ್ನೇ ಎ ಮತ್ತು ಬಿ ನಡುವೆ ಅಡ್ಡಗೂಟದಲ್ಲಿ ಸಿಕ್ಕಿಸಿದ್ದರೆ ಲೆಕ್ಕ ಬದಲಾಗುತ್ತಿತ್ತು. ಆಗ ಬಿ ಕೂರಿಸುವ ಮೊದಲೇ ಹಿಂಬದಿಯ ಹಾಳೆಯನ್ನು ಎ ಹಲಗೆಯ ಕಾಲುವೆಯಲ್ಲಿ ನಿಲ್ಲಿಸಿ, ಅದು ಬಾಗದಂತೆ ಒಬ್ಬರು ಹಿಡಿದು, ಇನ್ನೊಬ್ಬರು ಬಿಯನ್ನು ಅಷ್ಟೂ ಗೂಟಗಳ ಮೇಲೆ ಮತ್ತು ಹಾಳೆಯ ಅಂಚಿನ ಮೇಲೆ ಏಕಕಾಲಕ್ಕೆ ಇಳಿಸಬೇಕು. ಪುಸ್ತಿಕೆಯ ಮೊದಲ ಪುಟದಲ್ಲಿ ಇಬ್ಬರ ಚಿತ್ರ ಇದ್ದರೆ ಒಳಗೆಲ್ಲೋ ಇಂಥದೊಂದು ಹೆಜ್ಜೆ ಇದೆ ಎಂದೇ ತಿಳಿಯಿರಿ.

ಹಲಗೆಗೆ ದಾರಿ ಇದ್ದರಷ್ಟೇ ಸಾಲದು, ಸ್ಕ್ರೂಡ್ರೈವರಿಗೂ ಕೈಗೂ ದಾರಿ ಬೇಕು. ಕಪಾಟನ್ನು ಮುಖ ಕೆಳಗಾಗಿ ಮಲಗಿಸಿ ಬೆನ್ನಿನ ಹಾಳೆ ಜಾರಿಸಿದರೆ ಸುಲಭ ಎಂದು ಯಾರಿಗಾದರೂ ತೋರುತ್ತದೆ. ಆದರೆ ಅದೇ ಭಂಗಿಯಲ್ಲಿ ಸಿ ಹಲಗೆಯನ್ನೂ ಸೇರಿಸಿದರೆ ಮೇಲಿನ ಖಾನೆ ಎಲ್ಲ ಕಡೆಯಿಂದಲೂ ಮುಚ್ಚಿಹೋಗುತ್ತದೆ. ಮುಂಬದಿಯ ತೆರಪು ನೆಲಕ್ಕೆ ಅಂಟಿರುತ್ತದೆ. ಸಿಯನ್ನು ಬಿಗಿಸುವ ಲಾಕುಗಳು ಇರುವುದು ಆ ಖಾನೆಯ ಒಳಗೇ. ಆದ್ದರಿಂದ ಪುಸ್ತಿಕೆಯಲ್ಲಿ ಸಿ ಬರುವ ಮೊದಲು ಕಪಾಟು ಎದ್ದು ನಿಲ್ಲುತ್ತದೆ, ಪಕ್ಕದಲ್ಲಿ ದಪ್ಪನೆಯ ಬಾಗಿದ ಬಾಣ. ಆ ಬಾಣವನ್ನು ಕಡೆಗಣಿಸಿ ಮಲಗಿಸಿಯೇ ಮುಂದುವರಿದವರು ಒಂದು ಹೆಜ್ಜೆ ಹಿಂದೆ ಬಂದು ಬಿಚ್ಚಬೇಕಾಗುತ್ತದೆ.

ಈ ಲಾಕಿನ ವಿಚಾರ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಕಪಾಟು ಗಟ್ಟಿಯಾಗುವುದೂ ಕೆಡುವುದೂ ಅದರಿಂದಲೇ. ನಮ್ಮ ಬಡಗಿಗಳು ಮಿನಿಫಿಕ್ಸ್ ಎನ್ನುವ ಇದು ಎರಡು ತುಂಡಿನದು. ಒಂದು, ಹಲಗೆಯ ಮೈಗೆ ತಿರುಗಿಸಿ ಕೂರಿಸುವ ಬೋಲ್ಟು, ಅದಕ್ಕೊಂದು ಸಣ್ಣ ತಲೆ. ಇನ್ನೊಂದು, ಎದುರು ಹಲಗೆಯಲ್ಲಿ ಹದಿನೈದು ಮಿಲಿಮೀಟರ್ ಅಗಲದ ಗುಂಡಿಯಲ್ಲಿ ಕೂರುವ ಬಿಲ್ಲೆ. ಬೋಲ್ಟಿನ ತಲೆ ಅಂಚಿನ ತೂತಿನಿಂದ ಒಳಗೆ ಬಂದು ಬಿಲ್ಲೆಯ ಬಾಯಿಗೆ ಸಿಗುತ್ತದೆ. ಬಿಲ್ಲೆಯನ್ನು ಸುಮಾರು ಅರ್ಧ ಸುತ್ತು ತಿರುಗಿಸಿದರೆ ಅದರ ಒಳಗಿನ ಓರೆ ದಾರಿ ತಲೆಯನ್ನು ತನ್ನತ್ತ ಎಳೆದುಕೊಂಡು ಎರಡು ಹಲಗೆಗಳನ್ನು ಬಿಗಿಯುತ್ತದೆ. ಬಿಲ್ಲೆಯ ಮೇಲೊಂದು ಬಾಣದ ಗುರುತಿರುತ್ತದೆ. ಬೋಲ್ಟು ಬರುವ ಅಂಚಿನ ಕಡೆಗೆ ಬಾಣ ಇಟ್ಟೇ ಬಿಲ್ಲೆಯನ್ನು ಗುಂಡಿಗೆ ಹಾಕಬೇಕು, ಇಲ್ಲವಾದರೆ ಬಾಯಿ ಬೇರೆ ಕಡೆಗಿರುತ್ತದೆ. ಬೋಲ್ಟನ್ನು ಅದರ ಕೊರಳು ಹಲಗೆಗೆ ತಾಗುವವರೆಗೆ ತಿರುಗಿಸಬೇಕು. ಒಂದೆರಡು ಮಿಲಿಮೀಟರ್ ಹೊರಗೆ ಉಳಿದರೂ ತಲೆ ಇರಬೇಕಾದ ಜಾಗ ತಪ್ಪುತ್ತದೆ. ತಪ್ಪಿದೆ ಎಂದು ತಿಳಿಯುವುದು ಸುಲಭ: ಬಿಲ್ಲೆ ಎಲ್ಲೂ ಬಿಗಿಯಾಗದೆ ಸುಮ್ಮನೆ ತಿರುಗುತ್ತದೆ, ಅಥವಾ ಬಿಗಿಯಾದರೂ ಹಲಗೆಗಳ ನಡುವೆ ಸಂದು ಉಳಿಯುತ್ತದೆ. ಆಗ ಬಲ ಹಾಕಬಾರದು. ಪಾರ್ಟಿಕಲ್ ಬೋರ್ಡ್ ಎಂದರೆ ಅಂಟು ಹಾಕಿ ಒತ್ತಿದ ಮರದ ಚೂರುಗಳು. ಒಮ್ಮೆ ಗುಂಡಿಯ ಅಂಚು ಪುಡಿಯಾದರೆ ಅಲ್ಲಿ ಮತ್ತೆ ಹಿಡಿತ ಸಿಗುವುದಿಲ್ಲ. ಒಳ್ಳೆಯ ಪುಸ್ತಿಕೆ ಇಷ್ಟನ್ನೂ ಒಂದು ದೊಡ್ಡ ವೃತ್ತದೊಳಗೆ ಹಿಗ್ಗಿಸಿ ತೋರಿಸಿ, ಪಕ್ಕದಲ್ಲಿ ತಪ್ಪಾದದ್ದನ್ನೂ ಬರೆದು ಅದರ ಮೇಲೆ ಕಾಟು ಹಾಕಿರುತ್ತದೆ.

ನಮ್ಮ ಕಪಾಟಿಗೆ ಇಂಥ ಲಾಕು ಎಷ್ಟು ಬೇಕು? ಡಿ ಮತ್ತು ಇ ಎರಡೆರಡು ತುದಿಯಲ್ಲಿ, ತುದಿಗೆ ಎರಡರಂತೆ, ಎಂಟು. ಸಿ ಹಲಗೆ ಎ ಮತ್ತು ಬಿ ಮೇಲೆ ಕೂರುವಲ್ಲಿ ಎರಡೆರಡು, ನಾಲ್ಕು. ಒಟ್ಟು 12 ಬೋಲ್ಟು, 12 ಬಿಲ್ಲೆ. ಗೂಟವೂ ಆ ಲೆಕ್ಕದಲ್ಲೇ 12, ಜೊತೆಗೆ ಎಫ್ ಪಟ್ಟಿಯ ತುದಿಗೆ ಎರಡರಂತೆ ನಾಲ್ಕು, 16. ಜಿ ಹಲಗೆಗಳನ್ನು ಹೊರುವ ಮೊಳೆಗಳು ಎಂಟು. ಪ್ರತಿ ಹೆಜ್ಜೆಯ ಮೂಲೆಯಲ್ಲೂ ಆ ಹೆಜ್ಜೆಗೆ ಬೇಕಾದಷ್ಟನ್ನೇ ಬರೆದಿರುತ್ತಾರೆ. ಎಲ್ಲ ಹೆಜ್ಜೆಗಳನ್ನು ಕೂಡಿಸಿದರೆ ಮೊದಲ ಪುಟದ ಪಟ್ಟಿಯ ಮೊತ್ತವೇ ಬರಬೇಕು. ಅಚ್ಚಿಗೆ ಹೋಗುವ ಮೊದಲು ಪುಸ್ತಿಕೆ ಮಾಡುವವರು ನೋಡಲೇಬೇಕಾದ ತಾಳೆ ಇದು. ಕೊಂಡವರಿಗೂ ಇದರಿಂದ ಉಪಯೋಗವಿದೆ: ಒಂದು ಹೆಜ್ಜೆ ಮುಗಿದ ಮೇಲೆ ಕೈಯಲ್ಲಿ ಗೂಟ ಉಳಿದಿದ್ದರೆ ಎಲ್ಲೋ ಬಿಟ್ಟಿದ್ದೀರಿ, ಮುಂದಕ್ಕೆ ಹೋಗುವ ಮುನ್ನ ಹುಡುಕಿ.

ಹಲಗೆಗೆ ಅಕ್ಷರ ಕೊಟ್ಟರೂ ತಪ್ಪುವ ಜಾಗ ಒಂದಿದೆ. ಎ ಮತ್ತು ಬಿ ಒಂದೇ ಅಳತೆಯ ಹಲಗೆಗಳು, ಆದರೆ ಒಂದೇ ಅಲ್ಲ; ಎಡಗೈ ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬ. ಅದಲುಬದಲಾದರೆ ಕಾಲುವೆ ಮುಂಭಾಗಕ್ಕೆ ಬರುತ್ತದೆ, ಇಲ್ಲವೇ ತೂತುಗಳು ಹೊರಮೈಗೆ ತಿರುಗುತ್ತವೆ. ಚಿತ್ರಕಾರ ಇಲ್ಲಿ ಅಕ್ಷರವನ್ನೇ ನೆಚ್ಚಿಕೊಳ್ಳುವುದಿಲ್ಲ. ಕಾಲುವೆ ಮತ್ತು ತೂತುಗಳು ಕಣ್ಣಿಗೆ ಬೀಳುವ ಕೋನವನ್ನೇ ಆರಿಸಿಕೊಳ್ಳುತ್ತಾನೆ. ಪುಸ್ತಿಕೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ದೂರದ್ದು ಚಿಕ್ಕದಾಗುವುದಿಲ್ಲ, ಸಮಾನಾಂತರ ಗೆರೆಗಳು ಸಮಾನಾಂತರವಾಗಿಯೇ ಉಳಿಯುತ್ತವೆ. ಹಾಗಾಗಿ ಅಂಚಿನಿಂದ ಮೂರನೆಯ ತೂತು ಎಂದರೆ ಚಿತ್ರದಲ್ಲೂ ಮೂರನೆಯದೇ, ಎಣಿಸಿಕೊಳ್ಳಬಹುದು. ತೂತುಗಳ ಸಂಖ್ಯೆಯನ್ನು ಅಂದಕ್ಕೆಂದು ಕಡಿಮೆ ಮಾಡಿ ಬರೆದ ಪುಸ್ತಿಕೆಯನ್ನು ನಾನು ಒಪ್ಪುವುದಿಲ್ಲ. ನೋಡುವವನ ಬಳಿ ಇರುವ ಆಧಾರವೆಂದರೆ ಆ ತೂತುಗಳೇ.

ಹೆಜ್ಜೆಗಳಾಗಿ ಬಿಡಿಸಿ ಹೇಳುವುದು ಬರೇ ವಾಡಿಕೆಯಲ್ಲ, ಪರೀಕ್ಷೆ ಮಾಡಿ ನೋಡಿದ್ದೂ ಇದೆ. ಮನೀಶ್ ಅಗ್ರವಾಲ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಜನರಿಗೆ ಟೀವಿ ಇಡುವ ಸ್ಟ್ಯಾಂಡಿನ ಬಿಡಿಭಾಗ ಕೊಟ್ಟು, ಸಿದ್ಧ ಸ್ಟ್ಯಾಂಡಿನ ಚಿತ್ರ ಮಾತ್ರ ತೋರಿಸಿ ಜೋಡಿಸಲು ಹೇಳಿದರು. ಆಮೇಲೆ ಇನ್ನೊಬ್ಬರಿಗಾಗಿ ಸೂಚನೆ ಬರೆಯಲು ಹೇಳಿದರು. ಎಲ್ಲವನ್ನೂ ಒಂದೇ ಚಿತ್ರದಲ್ಲಿ ಬಿಡಿಸುವುದಕ್ಕಿಂತ ಹೆಜ್ಜೆಗೊಂದು ಚಿತ್ರ ಇರುವುದು ಜನರಿಗೆ ಹಿಡಿಸಿತು. ಅದರಲ್ಲೂ ಸೇರಿಸಿ ಮುಗಿದ ಸ್ಥಿತಿಯನ್ನು ತೋರಿಸುವ ಚಿತ್ರಕ್ಕಿಂತ, ಭಾಗ ಇನ್ನೂ ಹೊರಗಿದ್ದು ಬಾಣ ಅದನ್ನು ಒಳಗೆ ಕರೆಯುವ ಚಿತ್ರ ಹೆಚ್ಚು ಹಿಡಿಸಿತು. ಎಂದರೆ ಬಿಡಿಚಿತ್ರವೇ, ಆದರೆ ಸಣ್ಣ ಸಣ್ಣ ತುತ್ತುಗಳಲ್ಲಿ. ಹೊಸದಾಗಿ ಸೇರುವ ಭಾಗ ಹಳೆಯದರ ಹಿಂದೆ ಮರೆಯಾಗಬಾರದು ಎನ್ನುವುದು ಅವರು ಕಂಡುಕೊಂಡ ಇನ್ನೊಂದು ನಿಯಮ. ಆ ನಿಯಮಗಳನ್ನು ಹಾಕಿ ಕಂಪ್ಯೂಟರಿನಿಂದ ಮಾಡಿಸಿದ ಸೂಚನೆಗಳನ್ನು ಹಿಡಿದು ಕೂತವರು ಕಾರ್ಖಾನೆಯ ಪುಸ್ತಿಕೆ ಹಿಡಿದವರಿಗಿಂತ ಬೇಗ ಮುಗಿಸಿದರು, ತಪ್ಪೂ ಕಡಿಮೆ ಮಾಡಿದರು.

ಕೆಲವು ಪುಸ್ತಿಕೆಗಳಲ್ಲಿ ಹೋಲುವ ಸ್ಕ್ರೂಗಳನ್ನು ಅವುಗಳ ನಿಜವಾದ ಅಳತೆಗೇ ಅಚ್ಚು ಹಾಕಿರುತ್ತಾರೆ, ಕೈಯಲ್ಲಿರುವುದನ್ನು ಚಿತ್ರದ ಮೇಲಿಟ್ಟು ನೋಡಲಿ ಎಂದು. ಅದೇ ಪುಸ್ತಿಕೆಯನ್ನು ಫೋನಿನಲ್ಲಿ ತೆರೆದರೆ ಈ ಅನುಕೂಲ ಹೋಗುತ್ತದೆ. ಉದ್ದದ ಸ್ಕ್ರೂ ತಪ್ಪಿ ತೆಳು ಹಲಗೆಗೆ ಹೋದರೆ ಅದರ ಮೊನೆ ಆಚೆ ಬದಿಯಲ್ಲಿ ಮೂಡುತ್ತದೆ. ಫೋನ್ ನೋಡಿ ಜೋಡಿಸುವವರು ಸ್ಕೇಲ್ ಹಿಡಿದುಕೊಳ್ಳುವುದು ಮೇಲು.

ಕೊನೆಯ ಪುಟಕ್ಕೆ ಬರೋಣ. ಕಪಾಟು ಎದ್ದು ನಿಂತು ಪುಸ್ತಕ ಏರಿದ ಮೇಲೆ ಆ ಪುಟವನ್ನು ಹೆಚ್ಚಿನವರು ತೆರೆಯುವುದಿಲ್ಲ. ಅದರಲ್ಲಿ ಕಪಾಟಿನ ತಲೆಯಿಂದ ಗೋಡೆಗೆ ಒಂದು ಸಣ್ಣ ಪಟ್ಟಿ ಬಿಗಿಯುವ ಚಿತ್ರವಿರುತ್ತದೆ. ಅಮೆರಿಕದಲ್ಲಿ ಮಾಲ್ಮ್ ಮೊದಲಾದ ಡ್ರಾಯರ್ ಪೆಟ್ಟಿಗೆಗಳು ಮಕ್ಕಳ ಮೇಲೆ ಮಗುಚಿ ಸಾವುಗಳಾದ ಮೇಲೆ 2016ರ ಜೂನ್‌ನಲ್ಲಿ ಐಕಿಯಾ ಅಲ್ಲಿ ಸುಮಾರು 2.9 ಕೋಟಿ ಪೆಟ್ಟಿಗೆಗಳನ್ನು ಹಿಂದಕ್ಕೆ ಕರೆಯಿತು. ಗೋಡೆಗೆ ಬಿಗಿಯುವ ಹೆಜ್ಜೆ ಪುಸ್ತಿಕೆಯಲ್ಲಿದ್ದರೂ ಎಷ್ಟೋ ಮನೆಗಳಲ್ಲಿ ಅದು ನಡೆದಿರಲಿಲ್ಲ. ಈ ಹೆಜ್ಜೆಯ ಚಿತ್ರ ಕೊನೆಯಲ್ಲಿ ಬರುವುದೇ ತೊಂದರೆ ಎಂದು ನನಗನ್ನಿಸುತ್ತದೆ. ಪಟ್ಟಿಯನ್ನು ಜಿ ಹಲಗೆಗಳಿಗಿಂತ ಮೊದಲೇ ಹಾಕಿಸಿದರೆ ಕ್ರಮಕ್ಕೇನೂ ಕುಂದಿಲ್ಲ, ಯಾರೂ ದಾಟಿ ಹೋಗುವುದೂ ಇಲ್ಲ. ಪಟ್ಟಿ ಡಬ್ಬದಲ್ಲಿರುತ್ತದೆ, ಗೋಡೆಗೆ ಹೋಗುವ ಸ್ಕ್ರೂ ಮತ್ತು ಪ್ಲಗ್ ಅನೇಕ ಸಲ ಇರುವುದಿಲ್ಲ, ನಿಮ್ಮ ಗೋಡೆ ಇಟ್ಟಿಗೆಯದೋ ಟೊಳ್ಳು ಬ್ಲಾಕಿನದೋ ಕಂಪನಿಗೆ ಗೊತ್ತಿಲ್ಲವಲ್ಲ. ಡಬ್ಬ ಬಿಚ್ಚುವ ಮೊದಲೇ ಗೋಡೆ ಯಾವುದೆಂದು ನೋಡಿ, ಅದಕ್ಕೆ ತಕ್ಕ ಪ್ಲಗ್ಗನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದಿಟ್ಟುಕೊಳ್ಳಿ.