'ಅವರಿಗೆ ನಾಲ್ಕು, ನನಗೆ ಯಾಕೆ ಮೂರು?': ರೇಟಿಂಗ್ ಹಿಂದಿನ ಟಿಪ್ಪಣಿ ಹೇಗಿರಬೇಕು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಅಪ್ರೈಸಲ್ ಪತ್ರ ಕೈಗೆ ಬಂದ ದಿನ ಆಫೀಸಿನ ಕ್ಯಾಂಟೀನಲ್ಲಿ ಕೇಳೋದು ಒಂದೇ ಪ್ರಶ್ನೆ: 'ಅವರಿಗೆ ನಾಲ್ಕು, ನನಗೆ ಯಾಕೆ ಮೂರು?' ಇದಕ್ಕೆ ಉತ್ತರ ಇರಬೇಕಾದ ಜಾಗ ಕ್ಯಾಲಿಬ್ರೇಷನ್ ಟಿಪ್ಪಣಿ. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಮೊದಲು ಕ್ಯಾಲಿಬ್ರೇಷನ್ ಅಂದ್ರೆ ಏನು? ಪ್ರತಿ ಮ್ಯಾನೇಜರ್ ತಮ್ಮ ತಂಡಕ್ಕೆ ಅಂಕ ಕೊಟ್ಟಿರ್ತಾರೆ. ಒಬ್ಬರ ಕೈ ಧಾರಾಳ, ಇನ್ನೊಬ್ಬರದ್ದು ಬಿಗಿ. ಎಲ್ಲ ಮ್ಯಾನೇಜರ್‌ಗಳೂ ಒಟ್ಟಿಗೆ ಕೂತು, ಒಂದೇ ಅಳತೆಗೋಲಿನಲ್ಲಿ ಆ ಅಂಕಗಳನ್ನು ಸರಿಮಾಡುವ ಸಭೆ ಅದು. ಅಲ್ಲಿ ಯಾರ ಅಂಕ ಯಾಕೆ ಉಳಿಯಿತು, ಯಾಕೆ ಬದಲಾಯಿತು ಅಂತ ಬರೆದಿಡೋದೇ ಟಿಪ್ಪಣಿ.

ಒಂದು ಕಲ್ಪಿತ ಉದಾಹರಣೆ ತಗೊಳ್ಳೋಣ. ಗ್ರಾಹಕರ ದೂರು ನೋಡಿಕೊಳ್ಳುವ ತಂಡ. ರೇಖಾ, ಸುನಿಲ್ ಇಬ್ಬರದೂ ಒಂದೇ ಹುದ್ದೆ. ವರ್ಷದಲ್ಲಿ ರೇಖಾ 410 ದೂರು ಮುಗಿಸಿದ್ದಾರೆ, ಸುನಿಲ್ 290. ಮ್ಯಾನೇಜರ್ ಸಭೆಗೆ ತಂದ ಅಂಕ: ರೇಖಾಗೆ 4, ಸುನಿಲ್‌ಗೆ 3. ಟಿಪ್ಪಣಿಯಲ್ಲಿ ಬರೆದದ್ದು: 'ರೇಖಾ ತುಂಬಾ ಚುರುಕು. ಸುನಿಲ್ ಇನ್ನೂ ಮುಂದೆ ಬರಬೇಕು.' ನೋಡಿ, ಇದರಲ್ಲಿ ಬರೀ ಅಭಿಪ್ರಾಯ ಇದೆ, ಪರೀಕ್ಷಿಸಬಹುದಾದ ಒಂದು ಸಂಗತಿಯೂ ಇಲ್ಲ.

ಸಭೆಯಲ್ಲಿ ಪಕ್ಕದ ತಂಡದ ಮ್ಯಾನೇಜರ್ ಕೇಳಿದ್ರು: ಮುಗಿಸಿದ ದೂರುಗಳಲ್ಲಿ ಎಷ್ಟು ವಾಪಸ್ ಬಂದವು? ಲೆಕ್ಕ ತೆಗೆದರೆ ರೇಖಾ ಅವರದ್ದು 57, ಅಂದ್ರೆ ಶೇ 14ರಷ್ಟು. ಸುನಿಲ್ ಅವರದ್ದು 17, ಸುಮಾರು ಶೇ 6. ಅಲ್ಲದೆ ಹಣ ಕಟ್ಟಾಗಿ ಆರ್ಡರ್ ಆಗದಂಥ, ಬಿಡಿಸೋಕೆ ದಿನಗಟ್ಟಲೆ ಹಿಡಿಯುವ ದೂರುಗಳೆಲ್ಲ ಸುನಿಲ್ ಪಾಲಿಗೆ ಬಂದಿದ್ದವು. ವರ್ಷದ ಮೊದಲೇ ಲಿಖಿತವಾಗಿ ಕೊಟ್ಟ ಗುರಿ 'ವಾಪಸ್ ಬರುವ ದೂರು ಶೇ 15 ಮೀರಬಾರದು'. ಹಾಗಾಗಿ ರೇಖಾ ಗುರಿ ಮುಟ್ಟಿದ್ದಾರೆ, ಅದು 3. ಸುನಿಲ್ ಗುರಿಯನ್ನು ತುಂಬಾ ದಾಟಿದ್ದಾರೆ, ಅದು 4. ಅಂಕ ಅದಲುಬದಲಾಯಿತು.

ಈಗ ಟಿಪ್ಪಣಿ ಹೀಗಿರಬೇಕು: ಈ ಹುದ್ದೆಯ ನಿರೀಕ್ಷೆ ಇದು. ರೇಖಾ ಅವರ ಫಲಿತಾಂಶ ಇದು, ಮಾಹಿತಿ ಸಿಕ್ಕಿದ್ದು ಇಲ್ಲಿಂದ. ಮೊದಲು 4 ಇತ್ತು, ಇಂಥ ಕಾರಣಕ್ಕೆ 3 ಆಯಿತು. ಸುನಿಲ್ ದೂರುಗಳ ಸಂಖ್ಯೆ ಕಡಿಮೆ, ಯಾಕಂದ್ರೆ ಕಠಿಣ ದೂರುಗಳು ಅವರಿಗೆ ಹೋಗಿದ್ದವು. ಕೊನೆಯದಾಗಿ ಒಂದು ಮುಖ್ಯ ಸಾಲು: 'ಕಠಿಣ ದೂರುಗಳನ್ನು ಹಂಚಿದ್ದು ಮ್ಯಾನೇಜರ್. ರೇಖಾಗೆ ಆ ಅವಕಾಶ ಸಿಗಲಿಲ್ಲ. ಆದ್ದರಿಂದ ಅದನ್ನು ಅವರ ವಿರುದ್ಧ ಲೆಕ್ಕಕ್ಕೆ ಹಿಡಿದಿಲ್ಲ.'

ಈ ಸಾಲು ಯಾಕೆ ಬೇಕು? ಎಂಟು ತಿಂಗಳಾದ ಮೇಲೆ ಮ್ಯಾನೇಜರ್ ಬದಲಾಗಿರ್ತಾರೆ. ರೇಖಾ ಹೊಸಬರ ಮುಂದೆ ಕೂತು, 'ನನಗೆ ಆ ಕೆಲಸವನ್ನೇ ಕೊಡಲಿಲ್ಲವಲ್ಲ ಸರ್' ಅಂತ ಕೇಳ್ತಾರೆ. ಆ ಮಾತು ಸಭೆಯಲ್ಲೇ ಚರ್ಚೆಯಾಗಿತ್ತು ಅಂತ ತೋರಿಸೋಕೆ ಈ ಸಾಲು ಬಿಟ್ಟರೆ ಬೇರೇನೂ ಉಳಿದಿರಲ್ಲ.

'3 ಅಂದ್ರೆ ಕೆಟ್ಟದ್ದೇನಲ್ಲ, ಇಷ್ಟೆಲ್ಲ ಯಾಕೆ ಬರೀಬೇಕು?' ಅಂತ ಕೆಲವರು ಕೇಳ್ತಾರೆ. ಸರ್ಕಾರಿ ನೌಕರಿಯಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 2008ರ ದೇವ್ ದತ್ ಪ್ರಕರಣದಲ್ಲಿ ಒಬ್ಬ ಎಂಜಿನಿಯರ್‌ಗೆ ಒಂದು ವರ್ಷ 'ಉತ್ತಮ' ಅಂತ ಬರೆದು, ಅದನ್ನು ಅವರಿಗೆ ತಿಳಿಸಿರಲಿಲ್ಲ. ಬಡ್ತಿಗೆ ಬೇಕಿದ್ದದ್ದು 'ಅತ್ಯುತ್ತಮ'. ಬರೆದ ಪದ ಒಳ್ಳೆಯದೇ ಇರಬಹುದು, ಅದು ಬಡ್ತಿಗೆ ಅಡ್ಡಿಯಾಗುತ್ತಾ ಅನ್ನೋದೇ ಮುಖ್ಯ ಅಂತ ಕೋರ್ಟ್ ಹೇಳಿತು. ಪ್ರತಿಯೊಂದು ನಮೂದನ್ನೂ ನೌಕರರಿಗೆ ತಿಳಿಸಬೇಕು ಅಂತಲೂ ಹೇಳಿತು. ಈ ತೀರ್ಪು ಖಾಸಗಿ ಕಂಪನಿಗಳಿಗೆ ನೇರವಾಗಿ ಅನ್ವಯಿಸಲ್ಲ. ಆದರೆ ರೇಖಾ ಅವರ ಇನ್‌ಕ್ರಿಮೆಂಟ್ ಆ ಮೂರರ ಮೇಲೆ ನಿಂತಿದ್ದರೆ, ಅವರ ಪ್ರಶ್ನೆಯೂ ಇದೇ ಅಲ್ವಾ?

ಟಿಪ್ಪಣಿಯಿಂದ ಆಗದ ಕೆಲಸವೂ ಒಂದಿದೆ. 'ತಂಡದಲ್ಲಿ ಇಬ್ಬರಿಗಷ್ಟೇ 4 ಕೊಡಬಹುದು' ಅನ್ನೋ ಮಿತಿ ಇದ್ದು, ಮೂರನೆಯವರದ್ದು ಅದಕ್ಕೇ ಇಳಿದಿದ್ದರೆ, 'ಮಿತಿಯ ಕಾರಣಕ್ಕೆ ಇಳಿಸಲಾಗಿದೆ' ಅಂತಲೇ ಬರೀಬೇಕು. ಬಹಳ ಕಡೆ ಹಾಗೆ ಬರೆಯಲ್ಲ. ಸಭೆ ಮುಗಿದ ಮೇಲೆ ಅವರಲ್ಲಿ ಹೊಸದಾಗಿ ಒಂದು ತಪ್ಪು ಹುಡುಕ್ತಾರೆ. ಇದನ್ನು ಪತ್ತೆ ಮಾಡೋದು ಸುಲಭ: ವರ್ಷವಿಡೀ ಯಾವ ಮಾತುಕತೆಯಲ್ಲೂ, ಯಾವ ಮೇಲ್‌ನಲ್ಲೂ ಬಾರದ ದೋಷ ಟಿಪ್ಪಣಿಯಲ್ಲಿ ಮೊದಲ ಸಲ ಕಾಣಿಸಿಕೊಂಡಿದ್ದರೆ, ಅಂಕ ಮೊದಲು ಬಂತು, ಕಾರಣ ಆಮೇಲೆ ಬಂತು ಅಂತ ಅರ್ಥ.

ಟಿಪ್ಪಣಿ ಬರೆಯುವವರು ಸಹಿ ಹಾಕೋ ಮೊದಲು ಒಂದು ಕೆಲಸ ಮಾಡಿ. ಹೆಸರು ಮುಚ್ಚಿ, ಆ ತಂಡದವರಲ್ಲದ ಇನ್ನೊಬ್ಬ ಮ್ಯಾನೇಜರ್‌ಗೆ ಓದೋಕೆ ಕೊಡಿ. ಅವರೂ ಅದೇ ಅಂಕಕ್ಕೆ ಬಂದರೆ ಆ ಟಿಪ್ಪಣಿ ನಿಲ್ಲುತ್ತೆ. ಬರದಿದ್ದರೆ, ಪತ್ರ ಹೊರಡುವ ಮೊದಲೇ ಆ ಅಂಕವನ್ನು ಇನ್ನೊಮ್ಮೆ ಸಭೆಗೆ ತನ್ನಿ.