ಕಾಂಟ್ರ್ಯಾಕ್ಟ್ ನೋಟ್: ಷೇರು ದಲ್ಲಾಳಿಯ ಪಟ್ಟಿಯನ್ನು ಓದುವ ಬಗೆ

ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ಒಯ್ದ ರೈತನು ಅಡತಿಯ ಅಂಗಡಿಯಿಂದ ಹಿಂದಿರುಗುವಾಗ ಅವನ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಎಷ್ಟು ತೂಕ, ಯಾವ ದರ, ಹಮಾಲಿ ಎಷ್ಟು, ತೋಲಾಯಿ ಎಷ್ಟು, ಕೊನೆಗೆ ಕೈಗೆ ಬರುವ ಹಣವೆಷ್ಟು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ತಿಳಿದ ರೈತನು ಕೊನೆಯ ಮೊತ್ತವನ್ನು ನೋಡಿ ಪಟ್ಟಿಯನ್ನು ಕಿಸೆಗೆ ಸೇರಿಸುವುದಿಲ್ಲ. ಮೇಲಿನಿಂದ ಸಾಲು ಸಾಲಾಗಿ ಓದುತ್ತಾನೆ. ಷೇರು ಪೇಟೆಯಲ್ಲಿ ಇದೇ ಪಟ್ಟಿಗೆ ಕಾಂಟ್ರ್ಯಾಕ್ಟ್ ನೋಟ್ ಎಂದು ಹೆಸರು. ದಲ್ಲಾಳಿ ಎಂಬ ಪದವು ಅರಬ್ಬಿ ಮೂಲದ್ದು. ದಾರಿ ತೋರಿಸು ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ಆದರೆ ದಾರಿ ತೋರಿಸುವವನು ಕೊಟ್ಟ ಪಟ್ಟಿಯನ್ನು ಓದಿಕೊಳ್ಳುವ ಹೊಣೆ ಮಾತ್ರ ದಾರಿ ನಡೆಯುವವನದೇ.

ಒಂದು ಕಲ್ಪಿತ ಉದಾಹರಣೆಯ ಮೂಲಕ ಇದನ್ನು ವಿವರಿಸಬಹುದು. ಅಕ್ಕಲಕೋಟದ ಯುವತಿಯೊಬ್ಬಳು ಪದವಿ ಮುಗಿಸಿ ಕೆಲಸಕ್ಕೆ ಸೇರಿ, ಎರಡು ವರ್ಷದ ಉಳಿತಾಯವಾದ 40,000 ರೂಪಾಯಿಗಳನ್ನು ಬೆಂಗಳೂರಿನಲ್ಲಿ ನೋಂದಣಿಯಾದ ದಲ್ಲಾಳಿ ಸಂಸ್ಥೆಯೊಂದರ ಖಾತೆಗೆ ಹಾಕಿದ್ದಾಳೆ. ಒಂದು ಶುಕ್ರವಾರ ಬೆಳಿಗ್ಗೆ ಕಂಪನಿಯೊಂದರ 50 ಷೇರುಗಳನ್ನು ತಲಾ 800 ರೂಪಾಯಿಗಿಂತ ಹೆಚ್ಚು ಕೊಡದೆ ಕೊಳ್ಳುವಂತೆ ಆದೇಶ ಕೊಟ್ಟಿದ್ದಾಳೆ. ಇಂಥ ಮಿತಿ ಹಾಕಿದ ಆದೇಶಕ್ಕೆ ಲಿಮಿಟ್ ಆರ್ಡರ್ ಎನ್ನುತ್ತಾರೆ. ಅಂದೇ ರಾತ್ರಿ ಅವಳ ಇ-ಮೇಲ್‌ಗೆ ಕಾಂಟ್ರ್ಯಾಕ್ಟ್ ನೋಟ್ ಬಂದಿದೆ. ಅದನ್ನು ತೆರೆದೊಡನೆ ಎರಡು ಸಂಗತಿಗಳು ಅವಳನ್ನು ಗಾಬರಿಗೊಳಿಸುತ್ತವೆ. ಒಂದು ಕಡೆ ದರವು 800.39 ಎಂದೂ ಇನ್ನೊಂದು ಕಡೆ 801.90 ಎಂದೂ ಇದೆ. ಎರಡೂ ಅವಳು ಹಾಕಿದ ಮಿತಿಯನ್ನು ದಾಟಿವೆ. ಕೊನೆಯ ಸಾಲಿನಲ್ಲಿ ಅವಳು ಕೊಡಬೇಕಾದ ಮೊತ್ತ 40,118.80 ಎಂದಿದೆ; ಖಾತೆಯಲ್ಲಿರುವುದು 40,000 ಮಾತ್ರ. ಮೋಸವಾಯಿತೇ ಎಂಬುದು ಅವಳ ಮೊದಲ ಪ್ರಶ್ನೆ.

ಉತ್ತರವನ್ನು ಪಟ್ಟಿಯ ಮೇಲ್ಭಾಗದಿಂದ ಹುಡುಕಬೇಕು. ವ್ಯವಹಾರ ನಡೆದ 24 ಗಂಟೆಗಳೊಳಗೆ ಈ ಪಟ್ಟಿಯನ್ನು ದಲ್ಲಾಳಿಯು ಗ್ರಾಹಕನಿಗೆ ಕಳಿಸಲೇಬೇಕು. ಇ-ಮೇಲ್ ಮೂಲಕ ಬರುವ ಪಟ್ಟಿಯಲ್ಲಿ ಡಿಜಿಟಲ್ ಸಹಿ ಇರುತ್ತದೆ. ಶಿರೋಭಾಗದಲ್ಲಿ ಗ್ರಾಹಕನ ಹೆಸರು, ವಿಳಾಸ, ಪ್ಯಾನ್ ಮತ್ತು ಗ್ರಾಹಕ ಸಂಕೇತ ಇರುತ್ತವೆ. ಇವು ಕೇವಲ ಶಿಷ್ಟಾಚಾರದ ಸಾಲುಗಳಲ್ಲ. ಖಾತೆ ತೆರೆಸಿಕೊಟ್ಟ ಮಧ್ಯವರ್ತಿಯು ಗ್ರಾಹಕನ ಇ-ಮೇಲ್ ಬದಲಿಗೆ ತನ್ನದೇ ಇ-ಮೇಲ್ ನಮೂದಿಸಿದ್ದರೆ ಪಟ್ಟಿಯು ಗ್ರಾಹಕನಿಗೆ ಬರುವುದೇ ಇಲ್ಲ. ಅವನ ಹೆಸರಿನಲ್ಲಿ ಏನು ನಡೆದರೂ ಅವನಿಗೆ ತಿಳಿಯುವುದಿಲ್ಲ. ಆದುದರಿಂದ ವ್ಯವಹಾರ ಮಾಡಿದ ದಿನ ಪಟ್ಟಿ ಬಾರದಿರುವುದು ಕೂಡ ಒಂದು ಸೂಚನೆಯೇ.

ಅದೇ ಭಾಗದಲ್ಲಿ ಎರಡು ದಿನಾಂಕಗಳಿರುತ್ತವೆ. ಟ್ರೇಡ್ ಡೇಟ್ ಎಂಬುದು ವ್ಯವಹಾರ ಕುದುರಿದ ದಿನ. ಸೆಟಲ್‌ಮೆಂಟ್ ಡೇಟ್ ಎಂಬುದು ಹಣವೂ ಷೇರೂ ಕೈ ಬದಲಾಗುವ ದಿನ. 2023ರ ಜನವರಿ 27ರಿಂದ ಭಾರತದ ಷೇರು ಪೇಟೆಯಲ್ಲಿ ಎಲ್ಲ ಷೇರುಗಳ ಇತ್ಯರ್ಥವೂ ವ್ಯವಹಾರದ ಮರು ಕೆಲಸದ ದಿನ ಆಗುತ್ತದೆ. ಶುಕ್ರವಾರ ಕೊಂಡ ಷೇರುಗಳು ಸೋಮವಾರ ರಜೆಯಿಲ್ಲದಿದ್ದರೆ ಸೋಮವಾರ ಡಿಮ್ಯಾಟ್ ಖಾತೆಗೆ ಸೇರುತ್ತವೆ. ಶನಿವಾರ ಖಾತೆ ಬರಿದಾಗಿ ಕಂಡರೆ ಅದು ಮೋಸವಲ್ಲ. ಮಂಗಳವಾರವೂ ಬರಿದಾಗಿಯೇ ಇದ್ದರೆ ಕೇಳಬೇಕು.

ಮುಂದಿನದು ಪಟ್ಟಿಯ ಹೃದಯಭಾಗ. ಇಲ್ಲಿ ಪ್ರತಿ ವ್ಯವಹಾರಕ್ಕೂ ಆರ್ಡರ್ ನಂಬರ್, ಆದೇಶದ ವೇಳೆ, ಟ್ರೇಡ್ ನಂಬರ್, ವ್ಯವಹಾರದ ವೇಳೆ, ಷೇರಿನ ಹೆಸರು, ಸಂಖ್ಯೆ ಮತ್ತು ದರ ಇರುತ್ತವೆ. ಅವಳು ಕೊಟ್ಟದ್ದು ಒಂದೇ ಆದೇಶ, ಆದರೆ ಪಟ್ಟಿಯಲ್ಲಿ ಎರಡು ಸಾಲುಗಳಿವೆ: 30 ಷೇರುಗಳು 798 ರೂಪಾಯಿಗೆ, 20 ಷೇರುಗಳು 799.50ಕ್ಕೆ. ಒಬ್ಬನೇ ಮಾರಾಟಗಾರನ ಬಳಿ 50 ಷೇರುಗಳು ದೊರೆಯದಿದ್ದಾಗ ಆದೇಶವು ಹೀಗೆ ತುಂಡಾಗಿ ಈಡೇರುತ್ತದೆ. ಆರ್ಡರ್ ನಂಬರ್ ಎರಡೂ ಸಾಲಿನಲ್ಲಿ ಒಂದೇ ಆಗಿದ್ದು ಟ್ರೇಡ್ ನಂಬರ್ ಮಾತ್ರ ಬೇರೆಯಾಗಿದ್ದರೆ ಇದು ಸಹಜ. ಆರ್ಡರ್ ನಂಬರೇ ಬೇರೆಯಾಗಿದ್ದು, ಆ ಹೊತ್ತಿನಲ್ಲಿ ಗ್ರಾಹಕನು ಆದೇಶವನ್ನೇ ಕೊಟ್ಟಿರದಿದ್ದರೆ ಅದು ಅಪ್ಪಣೆಯಿಲ್ಲದ ವ್ಯವಹಾರ. ಕೆಲವು ಪಟ್ಟಿಗಳಲ್ಲಿ ಸರಾಸರಿ ದರವನ್ನಷ್ಟೇ ಮುಂದೆ ತೋರಿಸಿ ಬಿಡಿ ಸಾಲುಗಳನ್ನು ಅನುಬಂಧದಲ್ಲಿ ಕೊಡುತ್ತಾರೆ. ಆಗ ಅನುಬಂಧವನ್ನೇ ಓದಬೇಕು.

ಹಾಗಾದರೆ 800.39 ಎಲ್ಲಿಂದ ಬಂತು? ಪಟ್ಟಿಯಲ್ಲಿ ದರದ ಕಂಬಗಳು ಎರಡು. ಗ್ರಾಸ್ ರೇಟ್ ಎಂಬುದು ಪೇಟೆಯಲ್ಲಿ ವ್ಯವಹಾರ ನಡೆದ ನಿಜವಾದ ದರ; ನೆಟ್ ರೇಟ್ ಎಂಬುದು ಅದಕ್ಕೆ ಪ್ರತಿ ಷೇರಿನ ಬ್ರೋಕರೇಜ್ ಕೂಡಿಸಿದ ದರ. 798 ರೂಪಾಯಿಗೆ ಶೇಕಡಾ 0.3ರಂತೆ ಬ್ರೋಕರೇಜ್ ಸುಮಾರು 2.39, ಕೂಡಿಸಿದರೆ 800.39. ಇನ್ನೊಂದು ಸಾಲಿನ 801.90 ಕೂಡ ಹೀಗೆಯೇ ಹುಟ್ಟಿದ್ದು. ಗ್ರಾಹಕನು ಹಾಕುವ ಮಿತಿ ಅನ್ವಯಿಸುವುದು ಗ್ರಾಸ್ ರೇಟಿಗೆ ಮಾತ್ರ. ಅವಳ ಮಿತಿ ಮುರಿದಿಲ್ಲ. ಬದಲಾಗಿ ಮಿತಿಗಿಂತ ಕಡಿಮೆಗೇ ಷೇರು ದೊರೆತಿದೆ. ಮೊದಲ ಗಾಬರಿಗೆ ಇಷ್ಟೇ ಕಾರಣ.

ಎರಡನೆಯ ಗಾಬರಿಗೆ ಉತ್ತರ ಕೆಳಭಾಗದಲ್ಲಿದೆ. ಅಲ್ಲಿಯ ಸಾಲುಗಳನ್ನು ಕ್ರಮವಾಗಿ ಬರೆದರೆ ಲೆಕ್ಕ ಹೀಗಾಗುತ್ತದೆ:

ಷೇರುಗಳ ಬೆಲೆ: 39,930.00
ಬ್ರೋಕರೇಜ್, ಶೇ. 0.3: 119.79
ವಿನಿಮಯ ಕೇಂದ್ರದ ವಹಿವಾಟು ಶುಲ್ಕ: 1.19
ಸೆಬಿ ಶುಲ್ಕ: 0.04
ಜಿಎಸ್‌ಟಿ, ಶೇ. 18: 21.78
ಎಸ್‌ಟಿಟಿ, ಶೇ. 0.1: 40.00
ಮುದ್ರಾಂಕ ಶುಲ್ಕ, ಶೇ. 0.015: 6.00
ಕೊಡಬೇಕಾದ ಮೊತ್ತ: 40,118.80

ಈ ಆರು ಕಡಿತಗಳು ನಾಲ್ಕು ಕಡೆಗೆ ಹೋಗುತ್ತವೆ. ಬ್ರೋಕರೇಜ್ ದಲ್ಲಾಳಿಯ ಸಂಬಳ. ವಹಿವಾಟು ಶುಲ್ಕವು ವಿನಿಮಯ ಕೇಂದ್ರಕ್ಕೆ ಸಲ್ಲುತ್ತದೆ. 2024ರ ಅಕ್ಟೋಬರ್ 1ರಿಂದ ಎನ್‌ಎಸ್‌ಇಯಲ್ಲಿ ಜಾರಿಗೆ ಬಂದ, ಲಕ್ಷಕ್ಕೆ 2.97 ರೂಪಾಯಿಯ ದರದಿಂದ ಇಲ್ಲಿ ಲೆಕ್ಕ ಹಾಕಲಾಗಿದೆ. ಕೋಟಿಗೆ 10 ರೂಪಾಯಿಯ ಸೆಬಿ ಶುಲ್ಕವು ಪೇಟೆಯ ನಿಯಂತ್ರಕ ಸಂಸ್ಥೆಗೆ. ಉಳಿದವು ಸರಕಾರಗಳಿಗೆ. ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿಯು ಕೇಂದ್ರ ಸರಕಾರಕ್ಕೆ ಸೇರುತ್ತದೆ. ಷೇರನ್ನು ಇಟ್ಟುಕೊಳ್ಳಲು ಕೊಂಡಾಗಲೂ ಅದನ್ನು ಮಾರಿದಾಗಲೂ ಶೇಕಡಾ 0.1ರಂತೆ ಬೀಳುವ ಇದನ್ನು ಪೂರ್ಣ ರೂಪಾಯಿಗೆ ಸರಿಪಡಿಸಲಾಗುತ್ತದೆ. ಕೊಂಡ ದಿನವೇ ಮಾರಿಬಿಡುವ ವ್ಯವಹಾರದಲ್ಲಾದರೆ ಕೊಳ್ಳುವ ಕಡೆಗೆ ಎಸ್‌ಟಿಟಿ ಇಲ್ಲ. ಮಾರುವ ಕಡೆಗೆ ಮಾತ್ರ ಶೇಕಡಾ 0.025. ಇಟ್ಟುಕೊಳ್ಳಲೆಂದು ಕೊಂಡವನ ಪಟ್ಟಿಯಲ್ಲಿ ಎಸ್‌ಟಿಟಿ ಸೊನ್ನೆಯಿದ್ದರೆ, ಅವನ ಷೇರು ಅಂದೇ ಮಾರಾಟವಾಗಿದೆಯೇ ಎಂದು ನೋಡಬೇಕು.

ಗಡಿಯವರು ಗಮನಿಸಬೇಕಾದ ಸಾಲುಗಳು ಜಿಎಸ್‌ಟಿ ಮತ್ತು ಮುದ್ರಾಂಕ ಶುಲ್ಕ. ಜಿಎಸ್‌ಟಿ ಬೀಳುವುದು ಸೇವೆಗೆ, ಅಂದರೆ ಬ್ರೋಕರೇಜ್, ವಹಿವಾಟು ಶುಲ್ಕ ಮತ್ತು ಸೆಬಿ ಶುಲ್ಕಗಳ ಮೊತ್ತವಾದ 121.02ರ ಮೇಲೆ ಮಾತ್ರ. ಷೇರಿನ ಬೆಲೆಯ ಮೇಲಲ್ಲ, ತೆರಿಗೆಗಳ ಮೇಲೂ ಅಲ್ಲ. ದಲ್ಲಾಳಿಯ ನೋಂದಣಿ ಕರ್ನಾಟಕದಲ್ಲಿ, ಗ್ರಾಹಕಳ ದಾಖಲಿತ ವಿಳಾಸ ಮಹಾರಾಷ್ಟ್ರದಲ್ಲಿ ಇರುವುದರಿಂದ ಅವಳ ಪಟ್ಟಿಯಲ್ಲಿ ಐಜಿಎಸ್‌ಟಿ ಎಂಬ ಒಂದೇ ಸಾಲಿದೆ. ದಲ್ಲಾಳಿಯು ಮುಂಬಯಿಯಲ್ಲಿ ನೋಂದಣಿಯಾದವನಾಗಿದ್ದರೆ ಅದೇ ಶೇಕಡಾ 18 ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಒಂಬತ್ತೊಂಬತ್ತಾಗಿ ಒಡೆಯುತ್ತಿತ್ತು. ಮುದ್ರಾಂಕ ಶುಲ್ಕವು 2020ರ ಜುಲೈ 1ರಿಂದ ದೇಶದಾದ್ಯಂತ ಒಂದೇ ದರದ್ದಾಗಿದೆ. ಅದನ್ನು ಕೊಳ್ಳುವವನು ಮಾತ್ರ ಕೊಡುತ್ತಾನೆ, ಅದು ಕೊಳ್ಳುವವನು ವಾಸಿಸುವ ರಾಜ್ಯಕ್ಕೆ ಸಲ್ಲುತ್ತದೆ. ಬೆಂಗಳೂರಿನ ದಲ್ಲಾಳಿಯ ಮೂಲಕ ಕೊಂಡರೂ ಅವಳ ಆರು ರೂಪಾಯಿ ಸೇರುವುದು ಮಹಾರಾಷ್ಟ್ರದ ಬೊಕ್ಕಸಕ್ಕೆ.

ಹೀಗೆ ಎರಡನೆಯ ಗಾಬರಿಯೂ ಕಳೆಯಿತು: 188.80 ರೂಪಾಯಿಗಳ ಖರ್ಚು ಸೇರಿದ್ದರಿಂದ ಮೊತ್ತ 40,000 ದಾಟಿತು. ಕೈಯಲ್ಲಿರುವ ಹಣಕ್ಕೆಲ್ಲ ಷೇರು ಕೊಳ್ಳುವ ಹೊಸಬರು ಮಾಡುವ ತಪ್ಪು ಇದು. ಕೊರತೆಯಾದ 118.80ನ್ನು ಕೂಡಲೇ ಖಾತೆಗೆ ತುಂಬಬೇಕು. ಇಲ್ಲವಾದರೆ ಅದು ಬಾಕಿಯಾಗಿ ಬಡ್ಡಿ ಬೆಳೆಯಬಹುದು.

ಆದರೆ ಪಟ್ಟಿಯಲ್ಲಿ ತಪ್ಪೇ ಇಲ್ಲವೆಂದಲ್ಲ. ತಪ್ಪು ಇರುವುದು ಅವಳು ಸಂಶಯಪಡದ ಸಾಲಿನಲ್ಲಿ. ತೆರಿಗೆಯ ದರಗಳನ್ನು ಕಾನೂನು ನಿಗದಿಪಡಿಸುತ್ತದೆ. ಬ್ರೋಕರೇಜಿನ ದರವನ್ನು ನಿಗದಿಪಡಿಸುವುದು ಖಾತೆ ತೆರೆಯುವಾಗ ಸಹಿ ಮಾಡಿದ ದರಪಟ್ಟಿ. ಅವಳು ಆ ದರಪಟ್ಟಿಯನ್ನು ಹೊರತೆಗೆದು ನೋಡಿದಾಗ ಅದರಲ್ಲಿ ಶೇಕಡಾ 0.2 ಎಂದಿದೆ. ಅದರಂತೆ ಬ್ರೋಕರೇಜ್ 79.86 ಆಗಬೇಕಿತ್ತು. ಬ್ರೋಕರೇಜ್ ತಗ್ಗಿದರೆ ಅದರ ಮೇಲಿನ ಜಿಎಸ್‌ಟಿಯೂ 21.78ರಿಂದ 14.60ಕ್ಕೆ ಇಳಿಯುತ್ತದೆ. ಎರಡೂ ಸೇರಿ 47.11 ರೂಪಾಯಿ ಹೆಚ್ಚಾಗಿ ಹೋಗಿದೆ. ಮೊತ್ತ ಸಣ್ಣದು; ಆದರೆ ಸರಿಪಡಿಸುವವರೆಗೆ ಪ್ರತಿ ವ್ಯವಹಾರದಲ್ಲಿಯೂ ಅದೇ ಪ್ರಮಾಣದಲ್ಲಿ ಹೋಗುತ್ತಲೇ ಇರುತ್ತದೆ. ಸರಕಾರದ ಸಾಲುಗಳನ್ನು ಎಷ್ಟು ಸಲ ಕೂಡಿ ಕಳೆದರೂ ಈ ತಪ್ಪು ಕಾಣುತ್ತಿರಲಿಲ್ಲ, ಏಕೆಂದರೆ ಪಟ್ಟಿಯೊಳಗಿನ ಲೆಕ್ಕ ಸರಿಯಾಗಿಯೇ ಇದೆ. ಪಟ್ಟಿಯನ್ನು ಅದರ ಹೊರಗಿರುವ ಎರಡು ದಾಖಲೆಗಳೊಡನೆ, ಎಂದರೆ ತಾನು ಕೊಟ್ಟ ಆದೇಶ ಮತ್ತು ತಾನು ಸಹಿ ಮಾಡಿದ ದರಪಟ್ಟಿಗಳೊಡನೆ, ಹೋಲಿಸಿದಾಗಲೇ ಓದು ಪೂರ್ಣವಾಗುತ್ತದೆ.

ಇಂಥ ವ್ಯತ್ಯಾಸ ಕಂಡಾಗ ಫೋನಿನಲ್ಲಿ ಹೇಳಿ ಸುಮ್ಮನಾಗದೆ, ಕಾಂಟ್ರ್ಯಾಕ್ಟ್ ನೋಟಿನ ಸಂಖ್ಯೆ, ದಿನಾಂಕ ಮತ್ತು ವ್ಯತ್ಯಾಸದ ಮೊತ್ತವನ್ನು ನಮೂದಿಸಿ ದಲ್ಲಾಳಿಗೆ ಇ-ಮೇಲ್ ಬರೆಯಬೇಕು. ಅಪ್ಪಣೆಯಿಲ್ಲದ ವ್ಯವಹಾರವಾದರೆ ಅದೇ ದಿನ ಬರೆಯಬೇಕು. ಗ್ರಾಹಕನು ಆದೇಶ ಕೊಟ್ಟನೆಂಬುದಕ್ಕೆ ದಾಖಲೆ ತೋರಿಸುವ ಹೊಣೆ ದಲ್ಲಾಳಿಯದು. ಅಲ್ಲಿ ಪರಿಹಾರ ದೊರೆಯದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ಸಲ್ಲಿಸಬಹುದು.

ಮುಂದೊಮ್ಮೆ ಅವಳು ಈ ಷೇರುಗಳನ್ನು ಮಾರಿದಾಗ ಬರುವ ಪಟ್ಟಿಯಲ್ಲಿ ಖರ್ಚುಗಳನ್ನು ಕೂಡಿಸುವ ಬದಲು ಕಳೆಯಲಾಗಿರುತ್ತದೆ, ಮುದ್ರಾಂಕ ಶುಲ್ಕದ ಸಾಲು ಇರುವುದಿಲ್ಲ. ಆದರೂ ಖಾತೆಗೆ ಬಂದ ಹಣ ಪಟ್ಟಿಯ ಮೊತ್ತಕ್ಕಿಂತ ತುಸು ಕಡಿಮೆ ಇರಬಹುದು. ಷೇರನ್ನು ಡಿಮ್ಯಾಟ್ ಖಾತೆಯಿಂದ ಹೊರಗೆ ಕಳಿಸುವುದಕ್ಕೆ ತೆಗೆದುಕೊಳ್ಳುವ ಡಿಪಿ ಶುಲ್ಕವು ಸಾಮಾನ್ಯವಾಗಿ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಬರದೆ ಖಾತೆಯ ಲೆಡ್ಜರಿನಲ್ಲಿ ಮಾತ್ರ ಕಾಣುತ್ತದೆ. ಆಗ ಲಾಭದ ಮೇಲಿನ ತೆರಿಗೆಯನ್ನು ಲೆಕ್ಕ ಹಾಕಲು ಎರಡೂ ಪಟ್ಟಿಗಳು ಬೇಕಾಗುತ್ತವೆ. ಬ್ರೋಕರೇಜನ್ನು ಲಾಭದಿಂದ ಕಳೆಯಬಹುದು, ಎಸ್‌ಟಿಟಿಯನ್ನು ಕಳೆಯುವಂತಿಲ್ಲ. ಆದುದರಿಂದ ಶುಕ್ರವಾರದ ಈ ಮೊದಲ ಪಟ್ಟಿಯನ್ನು ಅವಳು ಷೇರು ಮಾರುವವರೆಗೂ, ಆ ವರ್ಷದ ತೆರಿಗೆಯ ಲೆಕ್ಕ ಮುಗಿಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕಾಗುತ್ತದೆ.