ಕೊನೆಯ ರಾತ್ರಿಯ ‘ಮಾಮಾ’

ಜಾರ್ಜಿಯಾದ ಔತಣದಲ್ಲಿ ಬಟ್ಟಲು ತುಂಬಿದ ಕೂಡಲೇ ಬಾಯಿಗಿಡುವಂತಿಲ್ಲ. ಯಾರಾದರೂ ಎದ್ದು ಒಂದು ಹಾರೈಕೆ ಹೇಳಬೇಕು, ಎಲ್ಲರೂ ‘ಗೌಮರ್ಜೋಸ್’ ಎನ್ನಬೇಕು, ಆಮೇಲೆ ಗುಟುಕು. ನಾವು ಇಂಗ್ಲಿಷಿನಿಂದ ‘ಟೋಸ್ಟ್’ ಎಂದು ಕರೆದುಕೊಂಡಿರುವ ಈ ಪದ್ಧತಿಯನ್ನು ಅಲ್ಲಿನವರು ಇಡೀ ರಾತ್ರಿಯ ಮಾತುಕತೆಯಾಗಿ ಬೆಳೆಸಿದ್ದಾರೆ. ಔತಣದ ಹೆಸರು ‘ಸುಪ್ರಾ’. ಅದನ್ನು ನಡೆಸಿಕೊಡುವವನು ‘ತಮಾದಾ’. ಶಾಂತಿ, ನಾಡು, ಅಗಲಿದವರು, ಮಕ್ಕಳು ಹೀಗೆ ಒಂದೊಂದು ವಿಷಯ ಎತ್ತಿಕೊಂಡು ಅವನು ಹಾರೈಸುತ್ತಾ ಹೋಗುತ್ತಾನೆ.

ಮೈಸೂರಿನಿಂದ ಹೋಗಿದ್ದ ನಾವು ಹನ್ನೊಂದು ಮಂದಿ ಪ್ರವಾಸದ ಕೊನೆಯ ರಾತ್ರಿ ಸಿಗ್ನಾಗಿ ಊರಿನ ಒಂದು ಮನೆಯಲ್ಲಿ ಹೀಗೆ ಕುಳಿತಿದ್ದೆವು. ಕಣಿವೆಯಾಚೆ ಕಾಕಸಸ್ ಬೆಟ್ಟಗಳು ಕತ್ತಲಲ್ಲಿ ಕರಗಿದ್ದವು. ಮೇಜಿನ ಮೇಲೆ ಅಕ್ರೋಟು ಅರೆದು ತುಂಬಿದ ಬದನೆಕಾಯಿ, ಹುರುಳಿಕಾಯಿ, ಗಿಣ್ಣಿನ ರೊಟ್ಟಿ. ನೆಲದಲ್ಲಿ ಹೂತಿಟ್ಟ ಕ್ವೆವ್ರಿ ಎಂಬ ಮಣ್ಣಿನ ಹರವಿಯಿಂದ ತೆಗೆದ ವೈನು ಕೆಲವರಿಗೆ, ಉಳಿದವರಿಗೆ ದಾಳಿಂಬೆ ರಸ. ಮನೆಯ ಯಜಮಾನನೇ ತಮಾದಾ.

ಮೊದಲು ಎದ್ದದ್ದು ನಮ್ಮ ಗುಂಪಿನ ಒಬ್ಬ ಗೆಳೆಯ. ಎಂಟು ದಿನಗಳ ತಮಾಷೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಟಿಬಿಲಿಸಿಯ ಗಂಧಕದ ಸ್ನಾನಗೃಹದಲ್ಲಿ ಒಬ್ಬರು ಜಾರಿದ್ದು, ಒಬ್ಬರ ಬ್ಯಾಗು ಬೇರೆಯವರ ಕೋಣೆ ಸೇರಿದ್ದು, ಹೀಗೆ ಒಂದರ ಹಿಂದೊಂದು. ಮೊದಲ ಮೂರಕ್ಕೆ ನಕ್ಕೆವು. ಆಮೇಲೆ ಎತ್ತಿ ಹಿಡಿದ ಬಟ್ಟಲುಗಳು ಮೆಲ್ಲಗೆ ಕೆಳಗಿಳಿದವು. ಜಾರಿದವರು ತಟ್ಟೆ ನೋಡುತ್ತಾ ಕುಳಿತರು. ಅನುವಾದಿಸುತ್ತಿದ್ದ ಗೈಡ್ ಹುಡುಗಿ ತಡವರಿಸಿ ಸುಮ್ಮನಾದಳು, ಮನೆಯವರಿಗೆ ಏನೂ ತಿಳಿಯಲಿಲ್ಲ. ತಮಾಷೆಗಳೇನೂ ಕೆಟ್ಟವಲ್ಲ. ಆದರೆ ಆ ಮಾತು ಯಾರಿಗಾಗಿ ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಜಾರ್ಜಿಯಾದವರು ಇದನ್ನೇ ಮೊದಲು ನಿರ್ಧರಿಸುತ್ತಾರೆ: ಇಂಥವರಿಗಾಗಿ ಈ ಬಟ್ಟಲು. ನೆನಪು, ನಗು, ಕತೆ ಎಲ್ಲ ಆಮೇಲೆ ಆ ಹೆಸರಿನ ಸುತ್ತಲೇ ಬರುತ್ತವೆ.

ತಮಾದಾ ಎದ್ದು ಮಕ್ಕಳಿಗಾಗಿ ಹಾರೈಸಿದ. ಮುಗಿಸಿ ನನ್ನತ್ತ ತಿರುಗಿ ‘ಅಲಾವೆರ್ದಿ’ ಎಂದ. ತಾನು ಆಡಿದ ಮಾತನ್ನು ಇನ್ನೊಬ್ಬರ ಕೈಗೆ ಕೊಡುವ ಪದ ಅದು. ಕೊಟ್ಟ ಮೇಲೆ ವಿಷಯ ಬದಲಿಸುವಂತಿಲ್ಲ, ಅದನ್ನೇ ಮುಂದುವರಿಸಬೇಕು. ನನ್ನ ಬಳಿ ಚೀಟಿ ಇರಲಿಲ್ಲ, ವಿಷಯ ಮಾತ್ರ ಸಿಕ್ಕಿತ್ತು. ಅದು ನನ್ನನ್ನು ಕಾಪಾಡಿತು.

ನನಗೆ ನೆನಪಾದದ್ದು ನಮ್ಮ ವ್ಯಾನಿನ ಚಾಲಕ. ದಿನಾ ಸಂಜೆ ಅವನಿಗೆ ಫೋನ್ ಬರುತ್ತಿತ್ತು. ‘ಮಾಮಾ, ಮಾಮಾ’ ಎಂದು ಮುದ್ದಾಗಿ ಮಾತಾಡುತ್ತಿದ್ದ. ಪಾಪ, ಸೋದರಮಾವನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆವು. ನಮ್ಮ ದೊಡ್ಡಮ್ಮನಂತೂ ಒಮ್ಮೆ ‘ಮಾವನವರು ಚೆನ್ನಾಗಿದ್ದಾರಾ?’ ಎಂದು ಗೈಡ್ ಮೂಲಕ ವಿಚಾರಿಸಿಯೇಬಿಟ್ಟರು. ಆಗ ತಿಳಿಯಿತು, ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ಅಪ್ಪ, ‘ದೆದಾ’ ಎಂದರೆ ಅಮ್ಮ. ಆದರೆ ಆ ಕಡೆ ಇದ್ದದ್ದು ಅವನ ಅಪ್ಪನೂ ಅಲ್ಲ, ಆರು ವರ್ಷದ ಮಗಳು. ಅಲ್ಲಿ ಅಪ್ಪಂದಿರು ಮಕ್ಕಳನ್ನು ಮುದ್ದಿನಿಂದ ಕರೆಯುವುದೂ ‘ಮಾಮಾ’ ಎಂದೇ. ಗೈಡ್ ಇದನ್ನು ವಿವರಿಸಲು ಒದ್ದಾಡುತ್ತಿದ್ದಾಗ ದೊಡ್ಡಮ್ಮ ತಡೆದರು: ‘ಅದರಲ್ಲೇನಿದೆ? ನಾವೂ ಮಗೂನ ಬಾರಪ್ಪ, ಬಾಮ್ಮ ಅನ್ನಲ್ವೇ?’ ವ್ಯಾನಿನಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಹುಟ್ಟಿದಾಗಿನಿಂದ ಆಡುತ್ತಿರುವ ಮಾತು, ಅದರಲ್ಲಿ ಇಷ್ಟು ಸೊಗಸಿದೆ ಎಂದು ನಮಗೆ ಹೊಳೆದದ್ದು ಅಂದೇ.

ಎದ್ದು ನಿಂತು ಇಷ್ಟನ್ನೇ ಹೇಳಿದೆ. ಮನೆಯವರಿಗೆ ಅವರ ಪದ ಗೊತ್ತಿತ್ತು, ನಮ್ಮ ಪದ ಗೈಡ್ ತಿಳಿಸಿದಳು, ನಗು ಎರಡೂ ಕಡೆ ಒಟ್ಟಿಗೇ ಎದ್ದಿತು. ಇನ್ನೊಂದು ನೆನಪೂ ಸೇರಿಸಿದೆ. ಟಿಬಿಲಿಸಿಯ ಹೋಟೆಲಿನಲ್ಲಿ ‘ಪುರಿ?’ ಎಂದು ಕೇಳಿದಾಗ ದೊಡ್ಡಮ್ಮ ಹಿಗ್ಗಿ ಎಲ್ಲರಿಗೂ ತರಿಸಿದ್ದರು. ಬಂದದ್ದು ದೋಣಿಯಾಕಾರದ ಬ್ರೆಡ್ಡು. ಪುರಿ ಎಂದರೆ ಅಲ್ಲಿ ಬ್ರೆಡ್ಡು ತಾನೇ. ‘ಇದು ಉಬ್ಬೇ ಇಲ್ವಲ್ಲಪ್ಪಾ’ ಎಂದಿದ್ದರು ಮಾಣಿಗೆ. ಆ ಇಪ್ಪತ್ತರ ಹುಡುಗನನ್ನೂ ಅವರು ‘ಅಪ್ಪಾ’ ಎಂದೇ ಕರೆದಿದ್ದರು. ಹಾಗಾಗಿ ಆ ನಗುವೂ ದಾರಿ ತಪ್ಪಲಿಲ್ಲ, ಅದೇ ವಿಷಯಕ್ಕೆ ಬಂದು ಸೇರಿತು. ಕೊನೆಗೆ ಹಾರೈಕೆ: ಆರು ವರ್ಷದ ಆ ಮಗು ಚೆನ್ನಾಗಿರಲಿ, ಎಂಟು ದಿನ ನಮಗಾಗಿ ಅವಳಿಂದ ದೂರವಿದ್ದ ಅಪ್ಪ ನಾಳೆ ಸುಖವಾಗಿ ಮನೆ ಸೇರಲಿ. ಎರಡು ನಿಮಿಷವೂ ಆಗಿರಲಿಲ್ಲ.

‘ಗೌಮರ್ಜೋಸ್’ ಎಂದು ಎಲ್ಲರೂ ಎದ್ದರು. ಚಾಲಕ ಬಟ್ಟಲು ಕೆಳಗಿಟ್ಟು ಮನೆಗೆ ಫೋನ್ ಮಾಡಿದ. ಪರದೆಯ ಮೇಲೆ ನಿದ್ದೆಗಣ್ಣಿನ ಪುಟ್ಟ ಮುಖ ಕಂಡಿತು. ದೊಡ್ಡಮ್ಮ ದಾಳಿಂಬೆ ರಸದ ಲೋಟ ಹಿಡಿದೇ ಹತ್ತಿರ ಬಗ್ಗಿ, ಗೈಡಿಗೂ ಕಾಯದೆ, ಕನ್ನಡದಲ್ಲೇ ಕೇಳಿದರು:

‘ಇನ್ನೂ ಮಲಗಿಲ್ವೇನಮ್ಮಾ?’